ರಶೀದಿ ಪುಸ್ತಕ ಯಾರ ಕೈಯಲ್ಲಿದೆ? ಚೌತಿಗೆ ಮೊದಲು ನೂರು ಬಳಕೆದಾರರನ್ನು ಹುಡುಕಿದ ಪ್ರಕರಣ

ಕರಾವಳಿಯಲ್ಲಿ ವಂತಿಗೆ ಕೇಳಲು ಯಾರೂ ಒಬ್ಬರೇ ಬರುವುದಿಲ್ಲ. ಮೂವರಾದರೂ ಇರುತ್ತಾರೆ. ಒಬ್ಬರು ಮಾತನಾಡುವವರು, ಒಬ್ಬರು ಕೊಡೆ ಹಿಡಿದವರು, ಇನ್ನೊಬ್ಬರು ಕಂಕುಳಲ್ಲಿ ರಶೀದಿ ಪುಸ್ತಕ ಒತ್ತಿಕೊಂಡು ಸ್ವಲ್ಪ ಹಿಂದೆ ನಿಂತವರು. ನಾವಿಬ್ಬರು ಸೇರಿ ಕಟ್ಟಿದ ಆ್ಯಪ್ ಇದ್ದದ್ದು ಆ ಮೂರನೆಯವರಿಗಾಗಿ. ಆದರೆ ಮೊದಲ ಒಂದೂವರೆ ತಿಂಗಳು ನಾವು ಮಾತನಾಡುವವರ ಹಿಂದೆಯೇ ಓಡಿದೆವು. ಈ ಬರಹ ಆ ಒಂದೂವರೆ ತಿಂಗಳ ತಪ್ಪಿನ ಮತ್ತು ನಂತರದ ಆರು ವಾರಗಳ ಲೆಕ್ಕ.

ಆ್ಯಪ್ ಮಾಡುವ ಕೆಲಸ ಸಣ್ಣದು. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಹಳೆ ವಿದ್ಯಾರ್ಥಿ ಸಂಘ, ಗಣೇಶೋತ್ಸವ ಸಮಿತಿ ಇಂಥವುಗಳ ಪರವಾಗಿ ಹಣ ಪಡೆಯುವವರು ಹೆಸರು, ಮನೆ, ಮೊತ್ತ ಬರೆದು ಒತ್ತಿದರೆ ಕ್ರಮಸಂಖ್ಯೆ ಇರುವ ರಶೀದಿ ಕೊಟ್ಟವರ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಸಂಜೆ ನಗದು ಎಷ್ಟು, ಯುಪಿಐ ಎಷ್ಟು ಎಂದು ಕೋಶಾಧಿಕಾರಿಯ ಮೊಬೈಲಿನಲ್ಲಿ ಒಟ್ಟು ಬಂದಿರುತ್ತದೆ. ಮಹಾಸಭೆಗೆ ಬೇಕಾದ ದಾನಿಗಳ ಪಟ್ಟಿಯೂ ಅಲ್ಲಿಂದಲೇ ಅಚ್ಚಾಗುತ್ತದೆ. ಇದನ್ನು ಪ್ಲೇ ಸ್ಟೋರಿನಲ್ಲಿ ಎಲ್ಲರಿಗೂ ತೆರೆಯುವ ಮೊದಲು ನೂರು ನಿಜವಾದ ಬಳಕೆದಾರರು ಬೇಕು ಎಂದು ತೀರ್ಮಾನಿಸಿದ್ದೆವು. 2025ರ ಚೌತಿ ಆಗಸ್ಟ್ 27ಕ್ಕೆ ಬಿದ್ದಿತ್ತು. ನಾವು ಹೊರಟದ್ದು ಜೂನ್ ಆರಂಭದಲ್ಲಿ.

ಬಳಕೆದಾರ ಎಂದರೆ ಯಾರು ಎಂಬುದನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟದ್ದು ನಾವು ಮಾಡಿದ ಒಂದೇ ಜಾಣತನ. ಆ್ಯಪ್ ಹಾಕಿಕೊಂಡವರು ಲೆಕ್ಕಕ್ಕಿಲ್ಲ, ತೆರೆದು ನೋಡಿದವರೂ ಇಲ್ಲ. ನಾವು ನೆನಪಿಸದೆ, ಎರಡು ಬೇರೆ ಬೇರೆ ವಾರಗಳಲ್ಲಿ, ಸಂಘದ ಹೊರಗಿನ ಯಾರಿಗಾದರೂ ರಶೀದಿ ಕೊಟ್ಟವರು ಮಾತ್ರ ಬಳಕೆದಾರರು. ಈ ಸಾಲು ಗೋಡೆಯ ಮೇಲೆ ಇರದಿದ್ದರೆ ಜುಲೈ ಕೊನೆಗೇ ಗುರಿ ಮುಟ್ಟಿತೆಂದು ಪೇಡೆ ಹಂಚುತ್ತಿದ್ದೆವು.

ಕಾಲೇಜಿನಿಂದ ಬಂದ ಅರವತ್ತನಾಲ್ಕು

ಎಲ್ಲರಂತೆ ನಾವೂ ಮೊದಲು ಹೋದದ್ದು ಕಾಲೇಜಿಗೆ. ಮಂಗಳೂರು ನಗರದ ಒಂದು ಪದವಿ ಕಾಲೇಜು, ಉಡುಪಿ ಕಡೆಯ ಇನ್ನೊಂದು, ಎರಡರಲ್ಲೂ ಬಿ.ಕಾಂ. ತರಗತಿಗಳು. ಪದವಿಪೂರ್ವ ವಿದ್ಯಾರ್ಥಿಗಳನ್ನು ಬೇಕೆಂದೇ ಬಿಟ್ಟೆವು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು, ಅವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಪರೀಕ್ಷೆಯ ಹಂತದಲ್ಲೇ ಆ ರಗಳೆ ಬೇಡವೆನಿಸಿತು.

ಕಾಲೇಜಿನ ಬಾಗಿಲು ತೆರೆಯುವ ಕ್ರಮ ಬಲ್ಲವರಿಗೆ ಹೊಸದಲ್ಲ. ಪ್ರಾಂಶುಪಾಲರಿಗೆ ಪತ್ರ, ಅವರು ವಿಭಾಗ ಮುಖ್ಯಸ್ಥರಿಗೆ ಬರೆದು ಕೊಡುತ್ತಾರೆ, ಮುಖ್ಯಸ್ಥರು ವಾಣಿಜ್ಯ ಸಂಘದ ಸಂಯೋಜಕರಿಗೆ ತೋರಿಸುತ್ತಾರೆ, ಅವರು ಕೊನೆಯ ಅವಧಿಯ ಮೂವತ್ತು ನಿಮಿಷ ಬಿಟ್ಟುಕೊಡುತ್ತಾರೆ. ಒಂದು ಕಾಲೇಜಿಗೆ ಗೊತ್ತುಮಾಡಿದ್ದ ಎರಡು ದಿನವೂ ಭಾರಿ ಮಳೆಗೆ ರಜೆ ಸಾರಿದ್ದರಿಂದ ಭೇಟಿ ಎರಡು ವಾರ ಮುಂದೆ ಹೋಯಿತು. ಕರಾವಳಿಯಲ್ಲಿ ಜೂನ್ ಜುಲೈಯಲ್ಲಿ ದಿನಾಂಕ ಇಟ್ಟುಕೊಳ್ಳುವವರು ಇದಕ್ಕೆ ತಯಾರಾಗಿಯೇ ಇರಬೇಕು.

ತರಗತಿಯಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. 64 ಮಂದಿ ಅಲ್ಲೇ ಆ್ಯಪ್ ಹಾಕಿಕೊಂಡರು, ಒಬ್ಬರಿಗೊಬ್ಬರು ಒಂದು ಕೋಟಿ ರೂಪಾಯಿಯ ರಶೀದಿ ಬರೆದು ಕಳಿಸಿ ನಕ್ಕರು. ಮೂರನೆಯ ವಾರ ನೋಡಿದಾಗ ಮತ್ತೆ ತೆರೆದವರು ಐದು ಜನ. ಐವರೂ ತರಗತಿಯ ಪ್ರವಾಸದ ಹಣ ಸೇರಿಸುತ್ತಿದ್ದವರು. ಪ್ರವಾಸ ಮುಗಿದ ಮೇಲೆ ಅವರೂ ಇಲ್ಲ. ಅವರ ಮೇಲೆ ಬೇಸರಪಡುವುದಕ್ಕೆ ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಹುಡುಗನ ಕೈಯಲ್ಲಿ ರಶೀದಿ ಪುಸ್ತಕ ಇರುವುದು ಅಪರೂಪ. ಇಲ್ಲದ ಕೆಲಸಕ್ಕೆ ಉಪಕರಣ ಕೊಟ್ಟವರು ನಾವು.

ಆದರೂ ಈ ವಿದ್ಯಾರ್ಥಿಗಳಿಂದ ಒಂದು ಉಪಕಾರವಾಯಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಿಂದ ಪ್ಲೇ ಸ್ಟೋರಿಗೆ ಆ್ಯಪ್ ಹಾಕಬೇಕಿದ್ದರೆ ಮೊದಲು ಮುಚ್ಚಿದ ಪರೀಕ್ಷೆ ನಡೆಸಬೇಕು. ಕನಿಷ್ಠ 12 ಮಂದಿ ಪರೀಕ್ಷಕರು ಹದಿನಾಲ್ಕು ದಿನ ಬಿಡದೆ ಅದರಲ್ಲಿ ಸೇರಿಕೊಂಡಿರಬೇಕು. ಮೊದಲು ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಿದರು. ಹನ್ನೆರಡೇ ಬೇಕೆಂದು ಹನ್ನೆರಡೇ ಜನರನ್ನು ಸೇರಿಸಿದರೆ ಒಬ್ಬರು ಹೊರಗೆ ಹೋದರೂ ದಿನಗಳ ಲೆಕ್ಕ ಕೆಡುತ್ತದೆ. ತರಗತಿಯ ಗುಂಪಿನಿಂದ ಈ ಷರತ್ತು ಸುಲಭವಾಗಿ ತೀರಿತು. ಕಾಲೇಜು ನಮಗೆ ಪರೀಕ್ಷಕರನ್ನು ಕೊಟ್ಟಿತ್ತು; ನಾವು ಅವರನ್ನು ಬಳಕೆದಾರರೆಂದು ಬರೆದುಕೊಂಡಿದ್ದೆವು.

ವೇದಿಕೆಯ ಐದು ನಿಮಿಷ

ಎರಡನೆಯ ಪ್ರಯತ್ನ ಇನ್ನೂ ಗದ್ದಲದ್ದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರ ಆಟಿ ತಿಂಗಳು. ಹಿಂದೆ ಆಟಿ ಎಂದರೆ ಬಡತನದ, ಶುಭಕಾರ್ಯಗಳಿಲ್ಲದ ತಿಂಗಳು. ಈಗ ಊರೂರಿನ ಸಂಘಗಳು ‘ಆಟಿಡೊಂಜಿ ದಿನ’ ನಡೆಸಿ ಪತ್ರೊಡೆ, ತಜಂಕ್ ಅಂಬಡೆ ಬಡಿಸುತ್ತವೆ. ಪರಿಚಯದ ಸಂಘವೊಂದರ ಅಧ್ಯಕ್ಷರು ತುಂಬು ಮನಸ್ಸಿನಿಂದ ಹೇಳಿದರು: “ನೀವು ಬನ್ನಿ ಮಾರಾಯರೇ, ಮುನ್ನೂರು ಜನ ಸೇರುತ್ತಾರೆ, ವೇದಿಕೆಯಲ್ಲೇ ಐದು ನಿಮಿಷ ಕೊಡುತ್ತೇನೆ.”

ಹೋದೆವು. ಶಾಲು ಹೊದಿಸಿದರು. ಅಧ್ಯಕ್ಷರು ಮೈಕಿನಲ್ಲಿ “ಎಲ್ಲರೂ ಈ ಆ್ಯಪ್ ಹಾಕಿಕೊಳ್ಳಬೇಕು” ಎಂದರು. ಬ್ಯಾನರಿನ ಮೇಲಿನ ಕ್ಯೂಆರ್ ಸಂಕೇತದ ಮೂಲಕ 41 ಜನ ತಮ್ಮ ಜಿಮೇಲ್ ವಿಳಾಸ ಕೊಟ್ಟರು.

ಜಿಮೇಲ್ ಏಕೆ ಬೇಕಿತ್ತು ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಮೊದಲ ವಾರ ನಾವು ಆ್ಯಪಿನ ಕಡತವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ನೋಡಿದ್ದೆವು. ಜನ ಮುಟ್ಟಲಿಲ್ಲ, ಮುಟ್ಟದಿದ್ದದ್ದು ಸರಿಯೇ ಆಗಿತ್ತು. ಮದುವೆ ಕರೆಯೋಲೆ ಎಂದು `.apk` ಕಡತ ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ವಂಚನೆಯ ಬಗ್ಗೆ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಹಣದ ಲೆಕ್ಕದ ಆ್ಯಪನ್ನು ಆ ದಾರಿಯಲ್ಲಿ ಕಳಿಸಿದವರನ್ನು ಯಾರು ನಂಬುತ್ತಾರೆ? ಹಾಗಾಗಿ ಪ್ಲೇ ಸ್ಟೋರಿನ ಆಂತರಿಕ ಪರೀಕ್ಷೆಗೆ ಬಂದೆವು. ಅದಕ್ಕೆ ನೂರು ಪರೀಕ್ಷಕರ ಮಿತಿ ಇದೆ, ಪ್ರತಿಯೊಬ್ಬರ ಗೂಗಲ್ ಖಾತೆಯ ವಿಳಾಸವನ್ನು ಪಟ್ಟಿಗೆ ಸೇರಿಸಬೇಕು. ವಿದ್ಯಾರ್ಥಿಗಳೇ 64 ಜಾಗ ಹಿಡಿದಿದ್ದರು. ವೇದಿಕೆಯಿಂದ ಬಂದವರಲ್ಲಿ 36 ಮಂದಿಗೆ ಮಾತ್ರ ಜಾಗ ಸಿಕ್ಕಿತು. ನೂರರ ಪಟ್ಟಿ ತುಂಬಿತ್ತು, ಅದರಲ್ಲಿ ಬಳಕೆದಾರ ಎನ್ನಬಹುದಾದವರು ಒಬ್ಬರೂ ಇರಲಿಲ್ಲ. ಆಮೇಲೆ ವಿದ್ಯಾರ್ಥಿಗಳನ್ನು ನೂರರ ಮಿತಿ ಇಲ್ಲದ ಮುಚ್ಚಿದ ಪರೀಕ್ಷೆಗೆ ದಾಟಿಸಿ ಜಾಗ ಮಾಡಿಕೊಂಡೆವು.

ಆ 36ರಲ್ಲಿ ಅರ್ಧದಷ್ಟು ಜನರಿಗೆ ಆ್ಯಪ್ ಕಾಣಿಸಲೇ ಇಲ್ಲ. ಅವರು ಬರೆದ ಜಿಮೇಲ್ ಒಂದು, ಅವರ ಮೊಬೈಲಿನ ಪ್ಲೇ ಸ್ಟೋರಿನಲ್ಲಿ ಇದ್ದದ್ದು ಇನ್ನೊಂದು. ಉಳಿದವರಲ್ಲಿ ನಮ್ಮ ಗೋಡೆಯ ಸಾಲಿಗೆ ಹೊಂದಿದವರು ಕೊನೆಗೆ ಒಬ್ಬರೇ. ಅವರು ವೇದಿಕೆಯ ಮೇಲಿದ್ದವರಲ್ಲ. ಅಡುಗೆ ಕಡೆ ಖರ್ಚಿನ ಚೀಟಿ ನೋಡಿಕೊಳ್ಳುತ್ತಿದ್ದ ಮಹಿಳಾ ಮಂಡಲದ ಕೋಶಾಧಿಕಾರಿ. ಊಟ ಮುಗಿದ ಮೇಲೆ ಬಂದು ಕೇಳಿದ್ದರು: “ರದ್ದು ಮಾಡಿದ ರಶೀದಿ ಇದರಲ್ಲಿ ಉಳಿಯುತ್ತದೆಯಾ, ಅಳಿಸಿ ಹೋಗುತ್ತದೆಯಾ?”

ಮುನ್ನೂರು ಜನರ ನಡುವೆ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ರಶೀದಿ ಬರೆದು ಅಭ್ಯಾಸವಿಲ್ಲದವರಿಗೆ ಇದು ಹೊಳೆಯುವ ಪ್ರಶ್ನೆಯೇ ಅಲ್ಲ. ತಪ್ಪಾದ ರಶೀದಿಯನ್ನು ಹರಿದು ಎಸೆಯುವಂತಿಲ್ಲ. ಅಡ್ಡಗೆರೆ ಎಳೆದು, ಮೂಲ ಪ್ರತಿಯನ್ನೂ ಪುಸ್ತಕಕ್ಕೇ ಪಿನ್ನು ಹಾಕಿ ಇಡಬೇಕು. ಇಲ್ಲದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಆ ಸಂಖ್ಯೆಯ ಹಣ ಎಲ್ಲಿ ಎಂಬ ಮಾತು ಬರುತ್ತದೆ. ನಮ್ಮ ಆ್ಯಪಿನಲ್ಲಿ ಅದು ಅಳಿಸಿಯೇ ಹೋಗುತ್ತಿತ್ತು. ಅಂದು ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಮರಳುವಾಗ, ನಾವು ಯಾರನ್ನು ಹುಡುಕಬೇಕೆಂದು ಕೊನೆಗೂ ಮಾತು ತೆಗೆದೆವು. ಅಧ್ಯಕ್ಷರು ಅನುಮತಿ ಕೊಡಬಲ್ಲರು. ಅವರ ಅನುಮತಿ ಇಲ್ಲದೆ ಯಾವುದೂ ನಡೆಯುವುದಿಲ್ಲ ಎಂಬುದೂ ನಿಜ. ಆದರೆ ಅವರು ರಶೀದಿ ಬರೆಯುವುದಿಲ್ಲ.

ಅದೇ ತರಗತಿಗೆ ಮತ್ತೊಮ್ಮೆ

ಕೋಶಾಧಿಕಾರಿಗಳ ಪಟ್ಟಿ ಎಲ್ಲೂ ಸಿಗುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಗೌರವಾಧ್ಯಕ್ಷರಿಂದ ಹಿಡಿದು ಉಪಾಧ್ಯಕ್ಷರವರೆಗೆ ಹೆಸರು ತುಂಬಿರುತ್ತದೆ, ಕೋಶಾಧಿಕಾರಿ ಕೊನೆಯ ಸಾಲಿನಲ್ಲಿ ಇದ್ದರೂ ಫೋನ್ ಸಂಖ್ಯೆ ಇರುವುದಿಲ್ಲ. ಆಗ ನೆನಪಾದದ್ದು ಆ ಬಿ.ಕಾಂ. ವಿದ್ಯಾರ್ಥಿಗಳು. ಅವರ ಕೈಯಲ್ಲಿ ರಶೀದಿ ಪುಸ್ತಕ ಇಲ್ಲದಿರಬಹುದು, ಆದರೆ ಯಾರ ಮನೆಯ ಕಪಾಟಿನಲ್ಲಿ ಇದೆ ಎಂದು ಅವರಿಗೆ ಗೊತ್ತಿರುತ್ತದೆ.

ಮತ್ತೆ ತರಗತಿಗೆ ಹೋದಾಗ ಆ್ಯಪಿನ ಮಾತೇ ಎತ್ತಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆವು: “ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ರಶೀದಿ ಪುಸ್ತಕ ಇಟ್ಟುಕೊಂಡವರು ಯಾರು?” ಆ ದಿನ ಇದ್ದದ್ದು 58 ಮಂದಿ. 37 ಮಂದಿ ಹೆಸರು ಕೊಟ್ಟರು. ದೊಡ್ಡಪ್ಪ, ಚಿಕ್ಕಮ್ಮ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಕ್ರಿಕೆಟ್ ತಂಡದ ಅಣ್ಣ. ಒಂದೇ ಸಂಘವನ್ನು ಇಬ್ಬರು ಹೇಳಿದ್ದನ್ನು ಕಳೆದರೆ 31 ಸಂಘಗಳು. ಅವುಗಳಲ್ಲಿ 27ಕ್ಕೆ ಹೋಗಲು ಆಯಿತು. ಹೆಸರು ಕೊಟ್ಟ ವಿದ್ಯಾರ್ಥಿಯೇ ಜೊತೆಗೆ ಬರಬೇಕು ಎಂಬುದು ನಮ್ಮ ಒಂದೇ ಷರತ್ತು. “ಇವರು ನಮ್ಮ ಕಾಲೇಜಿಗೆ ಬಂದಿದ್ದರು, ಚಿಕ್ಕಪ್ಪ” ಎಂದು ಒಂದು ಮಾತು ಚಾವಡಿಯಲ್ಲಿ ಬಿದ್ದರೆ ಮುಂದಿನ ಅರ್ಧ ಗಂಟೆ ನಮ್ಮದು.

ಕಾಪು ಕಡೆಯ ಒಂದು ಭೇಟಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದವೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದವು. ಕೋಶಾಧಿಕಾರಿ ಬ್ಯಾಂಕಿನಿಂದ ನಿವೃತ್ತರಾದವರು. ನಮ್ಮ ಎರಡು ಜಿಲ್ಲೆಗಳಲ್ಲಿ ಇದು ತೀರ ಸಾಮಾನ್ಯ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ನಾಲ್ಕೂ ಇಲ್ಲೇ ಹುಟ್ಟಿದ ಬ್ಯಾಂಕುಗಳು. ಅಲ್ಲಿ ದುಡಿದು ಊರಿಗೆ ಮರಳಿದವರ ಹೆಗಲಿಗೆ ಸಂಘದ ಲೆಕ್ಕ ತಾನಾಗಿ ಬೀಳುತ್ತದೆ. ಅವರ ಮೊಬೈಲ್ ಮಗ ಮಸ್ಕತ್ತಿನಿಂದ ತಂದದ್ದು. ಜಿಮೇಲ್ ಯಾವುದೆಂದು ಕೇಳಿದಾಗ ಡೈರಿ ತೆರೆದು ಒಂದು ವಿಳಾಸ ಓದಿದರು. ನಾವು ಆ ಹೊತ್ತಿಗೆ ಬುದ್ಧಿ ಕಲಿತಿದ್ದೆವು. ಪ್ಲೇ ಸ್ಟೋರ್ ತೆರೆಯಿಸಿ, ಮೇಲಿನ ಬಲಮೂಲೆಯ ವೃತ್ತ ಒತ್ತಿಸಿ ನೋಡಿದರೆ ಅಲ್ಲಿ ಇದ್ದದ್ದು ಮಗನ ಖಾತೆ. ಅದನ್ನೇ ಪಟ್ಟಿಗೆ ಸೇರಿಸಿ, ಪರೀಕ್ಷಕರಾಗಲು ಒಪ್ಪಿಗೆ ಒತ್ತುವ ಕೊಂಡಿಯನ್ನು ಅವರ ಮೊಬೈಲಿನಲ್ಲೇ ತೆರೆಯಿಸಿದೆವು. ಒಪ್ಪಿಗೆ ಒತ್ತದೆ ಇಳಿಸಿಕೊಳ್ಳಲು ಹೋದರೆ ಆ್ಯಪ್ ಸಿಗುವುದೇ ಇಲ್ಲ. ಇನ್ನೊಬ್ಬರ ಮೊಬೈಲಿನಲ್ಲಿ ಮಾರಿದ ಅಂಗಡಿಯವರೇ ಸೃಷ್ಟಿಸಿದ ಖಾತೆ ಇತ್ತು, ಅದರ ಗುಪ್ತಪದ ಯಾರಿಗೂ ಗೊತ್ತಿರಲಿಲ್ಲ. ಅದರಿಂದ ತೊಂದರೆ ಆಗಲಿಲ್ಲ. ವಿಳಾಸವನ್ನು ಕೇಳಬಾರದು, ನೋಡಬೇಕು. ಇಷ್ಟು ತಿಳಿದ ಮೇಲೆ ಆ್ಯಪ್ ಕಾಣಿಸಲಿಲ್ಲ ಎಂಬ ದೂರು ನಿಂತೇಹೋಯಿತು.

ಅವರು ಹತ್ತು ನಿಮಿಷ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ನಮ್ಮಲ್ಲಿ ನಾಲ್ಕು ತಂಡ ಹೋಗುತ್ತದೆ. ಎರಡು ತಂಡ ಗದ್ದೆ ಬದಿಯ ಮನೆಗಳಿಗೆ, ಅಲ್ಲಿ ನೆಟ್‌ವರ್ಕ್ ಇಲ್ಲ. ಇಬ್ಬರೂ ಬರೆಯುವ ಮುಂದಿನ ರಶೀದಿಯ ಸಂಖ್ಯೆ ಎಷ್ಟು?”

ನಮ್ಮ ಆ್ಯಪ್ ಇಬ್ಬರಿಗೂ 43 ಎಂದು ಕೊಡುತ್ತಿತ್ತು. ನೆಟ್‌ವರ್ಕ್ ಬಂದ ಮೇಲೆ ಒಂದನ್ನು 44 ಮಾಡುತ್ತಿತ್ತು. ಆದರೆ ಅಷ್ಟರಲ್ಲಿ 43 ಎಂದು ಬರೆದ ಎರಡು ರಶೀದಿಗಳು ಎರಡು ಮನೆಗಳಿಗೆ ಹೋಗಿರುತ್ತಿದ್ದವು. ನಾವು ಸರ್ವರ್, ಹೊಂದಾಣಿಕೆ ಎಂದು ಏನೇನೋ ವಿವರಿಸಲು ಹೊರಟೆವು. ಅವರು ಒಳಗೆ ಹೋಗಿ ಕಳೆದ ವರ್ಷದ ಪುಸ್ತಕಗಳ ಕಟ್ಟು ತಂದರು. ಮೊದಲ ಪುಸ್ತಕ 1ರಿಂದ 100, ಎರಡನೆಯದು 101ರಿಂದ 200. ಪ್ರತಿಯೊಂದರ ಹೊದಿಕೆಯ ಮೇಲೆ ಅದನ್ನು ಪಡೆದವರ ಸಹಿ, ಮರಳಿಸಿದ ದಿನಾಂಕ. “ಪುಸ್ತಕ ಒಂದು, ಎರಡು ಎಂದು ಹಂಚುವುದು ಸುಮ್ಮನೆ ಅಲ್ಲ” ಎಂದರು.

ಅಲ್ಲಿಗೆ ಉತ್ತರ ಸಿಕ್ಕಿತ್ತು. ಪ್ರತಿ ಮೊಬೈಲಿಗೆ ಮೊದಲೇ ನೂರು ಸಂಖ್ಯೆಗಳ ಒಂದು ‘ಪುಸ್ತಕ’ ಕೊಟ್ಟುಬಿಡುವುದು. ನೆಟ್‌ವರ್ಕ್ ಇರಲಿ, ಇಲ್ಲದಿರಲಿ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಬರುವುದಿಲ್ಲ. ಕೊನೆಗೆ ಬಳಸದೆ ಉಳಿದ ಸಂಖ್ಯೆಗಳನ್ನು ‘ಖಾಲಿ’ ಎಂದು ತೋರಿಸಿ ಪುಸ್ತಕ ಮುಚ್ಚುವುದು. ನಾಲ್ಕು ದಿನದಲ್ಲಿ ಬದಲಾಯಿಸಿದೆವು. ಇದೇ ವೇಳೆ ‘ವಿಳಾಸ’ ಎಂಬ ಅಂಕಣದ ಹೆಸರು ‘ಮನೆ’ ಎಂದಾಯಿತು. ಊರಿನಲ್ಲಿ ನಾಲ್ವರು ಸುಂದರರಿದ್ದರೆ ಅವರನ್ನು ಬೇರೆ ಮಾಡುವುದು ಮನೆಯ ಹೆಸರು, ಬೀದಿಯ ಹೆಸರಲ್ಲ. ರದ್ದಾದ ರಶೀದಿಯೂ ಅಡ್ಡಗೆರೆಯೊಂದಿಗೆ ಉಳಿಯತೊಡಗಿತು. ಆಟಿಯ ದಿನ ಕೇಳಿದ ಕೋಶಾಧಿಕಾರಿಯವರಿಗೆ ಫೋನ್ ಮಾಡಿ ತಿಳಿಸಿದೆವು. ಅವರು ಮರುದಿನವೇ ಬಳಸಲು ಶುರು ಮಾಡಿದರು.

ಹೋದ 27 ಸಂಘಗಳಲ್ಲಿ 22 ಆ್ಯಪ್ ಹಾಕಿಕೊಂಡವು. ಉಳಿದ ಐದರಲ್ಲಿ ಮೂರು ಕಡೆ ಬಂದ ಉತ್ತರ ಒಂದೇ: ದಾನಿಗಳ ಹೆಸರು ಮತ್ತು ಮೊತ್ತ ನಿಮ್ಮ ಕೈಗೆ ಏಕೆ ಸಿಗಬೇಕು? ನ್ಯಾಯವಾದ ಪ್ರಶ್ನೆ. ಪಟ್ಟಿಯನ್ನು ಬೇಕೆಂದಾಗ ಪೂರ್ತಿ ಅಳಿಸುವ ಸೌಲಭ್ಯ ಆಗ ನಮ್ಮಲ್ಲಿ ಇರಲಿಲ್ಲ, ಬರಿಯ ಮಾತಿನ ಭರವಸೆ ಇತ್ತು. ಅವರು ಒಪ್ಪದೆ ಇದ್ದದ್ದು ಸರಿ.

ಯಾವ ಸಂಘ ಮೊದಲು

ಇಲ್ಲೊಂದು ಸೂಕ್ಷ್ಮ ಇದೆ. ಕರಾವಳಿಯಲ್ಲಿ ಸಮುದಾಯ ಸಂಘಗಳು ಬಲವಾದವು. ಬಂಟರದು, ಬಿಲ್ಲವರದು, ಮೊಗವೀರರದು, ಚರ್ಚಿನ ಘಟಕಗಳು, ಜಮಾತುಗಳು. ಇವುಗಳಲ್ಲಿ ಒಂದರ ಪದಾಧಿಕಾರಿಗಳ ಒಲವು ಗಳಿಸಿದರೆ ಶಾಖೆ ಶಾಖೆಗೂ ಸುತ್ತೋಲೆ ಹೋಗುತ್ತದೆ, ನೂರು ಬಳಕೆದಾರರು ಒಂದೇ ವಾರದಲ್ಲಿ ಸಿಗಬಹುದು. ಅಂಥ ಒಂದು ಅವಕಾಶ ನಮಗೂ ಬಂದಿತ್ತು. ನನ್ನ ಜೊತೆಗಾರ ಒಪ್ಪಲು ಸಿದ್ಧನಿದ್ದ, ನಾನು ಬೇಡವೆಂದೆ. ಎರಡು ದಿನ ಮಾತು ಬಿಟ್ಟಿದ್ದೆವು ಕೂಡ. ನನ್ನ ಹೆದರಿಕೆ ಇಷ್ಟೇ: ಮೊದಲ ಹತ್ತು ಸಂಘಗಳು ಒಂದೇ ಸಮುದಾಯದವಾದರೆ ಹನ್ನೊಂದನೆಯವರು ಅದನ್ನು ‘ಅವರ ಆ್ಯಪ್’ ಎಂದು ಕರೆಯುತ್ತಾರೆ, ಆ ಹೆಸರು ಮತ್ತೆ ಹೋಗುವುದಿಲ್ಲ.

ಆದ್ದರಿಂದ ಎಲ್ಲರೂ ಸೇರುವ ಸಂಘಗಳಿಂದ ಶುರು ಮಾಡಿದೆವು: ಸರಕಾರಿ ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಯುವಕ ಮಂಡಲ, ಮಹಿಳಾ ಮಂಡಲ. ಸಮುದಾಯ ಸಂಘಗಳು ಆಮೇಲೆ ಬಂದವು, ಬೇರೆ ಬೇರೆ ಕಡೆಯವು ಒಟ್ಟೊಟ್ಟಿಗೆ. ಒಂದು ಸಂಘದ ನಿಜವಾದ ರಶೀದಿಯನ್ನು ಇನ್ನೊಂದು ಸಂಘಕ್ಕೆ ಮಾದರಿಯಾಗಿ ತೋರಿಸಲಿಲ್ಲ. ಅಲ್ಲಿ ಯಾರು ಎಷ್ಟು ಕೊಟ್ಟರು ಎಂಬ ಕುತೂಹಲ ಆ್ಯಪಿಗಿಂತ ಬೇಗ ಹಬ್ಬುತ್ತದೆ.

ರಾತ್ರಿ ಹತ್ತು ಗಂಟೆಯ ರಶೀದಿಗಳು

ಚೌತಿಗೆ ತಿಂಗಳಿರುವಾಗ ವಂತಿಗೆ ಸಂಗ್ರಹ ಶುರುವಾಯಿತು. ಅಂಕಿಗಳು ಏರತೊಡಗಿದವು. ಆಗಸ್ಟ್ ಎರಡನೆಯ ವಾರ ಒಂದು ಸಂಘದ ದಾಖಲೆ ನೋಡುವಾಗ ಏನೋ ಸರಿಯಿಲ್ಲ ಎನಿಸಿತು. ರಶೀದಿಗಳು ಹೀಗಿದ್ದವು:

```
212  22:04  500
213  22:04  200
214  22:05  1000
215  22:05  200
216  22:06  500
```

ವಂತಿಗೆಗೆ ಹೋದವರು ನಿಮಿಷಕ್ಕೆ ಎರಡು ಮನೆ ಮುಗಿಸುವುದಿಲ್ಲ. ಒಂದು ಮನೆಯಲ್ಲಿ ನೀರು ಬೆಲ್ಲ, ಇನ್ನೊಂದರಲ್ಲಿ ಚಹಾ, ಮತ್ತೊಂದರಲ್ಲಿ “ಯಜಮಾನರು ಬರಲಿ, ಕುಳಿತುಕೊಳ್ಳಿ”. ನಿಜವಾದ ಸಂಗ್ರಹದಲ್ಲಿ ಎರಡು ರಶೀದಿಗಳ ನಡುವೆ ಹತ್ತು ಹದಿನೈದು ನಿಮಿಷದ ಅಂತರ ಇರುತ್ತದೆ, ಹೆಚ್ಚಿನವು ಸಂಜೆ ಐದರಿಂದ ಎಂಟರೊಳಗೆ ಅಥವಾ ಭಾನುವಾರ ಬೆಳಿಗ್ಗೆ. ರಾತ್ರಿ ಹತ್ತು ಗಂಟೆಗೆ ಹಗ್ಗ ಕಟ್ಟಿದಂತೆ ಬಂದ ಈ ಸಾಲು ಬೇರೆಯೇ ಕಥೆ ಹೇಳುತ್ತಿತ್ತು. ವಿಚಾರಿಸಿದಾಗ ತಿಳಿಯಿತು: ಕೋಶಾಧಿಕಾರಿ ಕಾರ್ಬನ್ ಪುಸ್ತಕದಲ್ಲೇ ಬರೆಯುತ್ತಿದ್ದರು, ರಾತ್ರಿ ಊಟದ ನಂತರ ವಿದ್ಯಾರ್ಥಿನಿ ಅದನ್ನು ಮೊಬೈಲಿಗೆ ಏರಿಸುತ್ತಿದ್ದಳು. “ಮಾವನಿಗೆ ಬೇಸರವಾಗಬಾರದು, ನಿಮಗೂ ಬೇಸರವಾಗಬಾರದು ಎಂದು” ಎಂದಳು ಪಾಪ.

ಇಂಥ ಸಂಘಗಳು ಐದು ಸಿಕ್ಕಿದವು. ಐದರಲ್ಲೂ ಆ್ಯಪ್ ಕೆಲಸವನ್ನು ಕಡಿಮೆ ಮಾಡಿರಲಿಲ್ಲ, ಎರಡು ಪಟ್ಟು ಮಾಡಿತ್ತು. ಹಾಗಾಗಿ ಐದನ್ನೂ ಲೆಕ್ಕದಿಂದ ತೆಗೆದೆವು. ಆದರೆ ಕಾರಣ ಕೇಳದೆ ಬಿಡಲಿಲ್ಲ. ಕೊಡುವವರಿಗೆ ಕೈಯಲ್ಲಿ ಕಾಗದ ಬೇಕು, ಕಾಗದ ಸಿಗದಿದ್ದರೆ ಕೊಟ್ಟ ಹಾಗೆ ಆಗುವುದಿಲ್ಲ ಎಂಬುದು ಮೂರು ಕಡೆಯ ಮಾತು. ವಯಸ್ಸಾದವರ ಮನೆಗಳಲ್ಲಿ ಇದು ಹೆಚ್ಚು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅಂಗೈ ಅಗಲದ ಬ್ಲೂಟೂತ್ ಮುದ್ರಕವನ್ನು ಎಲ್ಲ ಸಂಘಗಳೂ ಕೊಳ್ಳುತ್ತವೆ ಎಂದು ನಂಬುವಷ್ಟು ಮುಗ್ಧರೂ ನಾವಾಗಿರಲಿಲ್ಲ. ಇನ್ನೆರಡು ಕಡೆ ಕಾರಣ ಮಳೆ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ಆ್ಯಪ್ ಮಾಡುವವರಿಗೆ ಇದು ಹೊಳೆಯಲಿಕ್ಕಿಲ್ಲ. ಮಂಗಳೂರಿನಲ್ಲಿ ಕುಳಿತ ನಮಗೂ ಹೊಳೆದಿರಲಿಲ್ಲ, ಅದು ಬೇರೆ ಮಾತು. ಮೊತ್ತದ ಗುಂಡಿಗಳನ್ನು ದೊಡ್ಡದು ಮಾಡಿ, 200, 500, 1000 ಎಂದು ಮೊದಲೇ ಇಟ್ಟ ಮೇಲೆ ಸ್ವಲ್ಪ ಅನುಕೂಲವಾಯಿತು.

ಉಳಿದ 17 ಸಂಘಗಳಲ್ಲಿ ನಾವು ನಿರೀಕ್ಷಿಸದಿದ್ದದ್ದು ನಡೆಯಿತು. ಕೋಶಾಧಿಕಾರಿಗಳು ತಮ್ಮ ತಂಡದವರಿಗೆ ತಾವೇ ಹಂಚಿದರು, ಪುಸ್ತಕ ಹಂಚುವ ಹಾಗೆ. ಹದಿನೇಳು ಕೋಶಾಧಿಕಾರಿಗಳ ಜೊತೆ ಸಂಗ್ರಹಕ್ಕೆ ಹೋಗುವ 52 ಮಂದಿ ಸೇರಿಕೊಂಡರು, ಒಟ್ಟು 69. ಈ 52 ಜನರಲ್ಲಿ ಹೆಚ್ಚಿನವರ ಮುಖವನ್ನೂ ನಾವು ನೋಡಿಲ್ಲ.

ಮಿಕ್ಕವರು ಬಂದದ್ದು ಉಡುಪಿಯ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಿಂದ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿಸಿದ ಸಂಘಗಳು ಪ್ರತಿ ವರ್ಷ ಲೆಕ್ಕಪತ್ರ ಒಪ್ಪಿಸಬೇಕು. ಆ ಹಂಗಾಮಿನಲ್ಲಿ ಇಂಥ ಕಚೇರಿಗಳ ಮೇಜಿನ ಮೇಲೆ ಮಸುಕಾದ ಕಾರ್ಬನ್ ಪ್ರತಿಗಳ ಕಟ್ಟುಗಳೇ ಇರುತ್ತವೆ. ಕಾಪುವಿನ ಕೋಶಾಧಿಕಾರಿ ತಮ್ಮ ಪಟ್ಟಿಯನ್ನು ಅಚ್ಚು ಹಾಕಿಸಿ ಅಲ್ಲಿಗೆ ಒಯ್ದಿದ್ದರು. ಸಂಖ್ಯೆಗಳು ಅನುಕ್ರಮವಾಗಿ, ರದ್ದಾದವು ಗೆರೆಯೊಂದಿಗೆ, ಖಾಲಿ ಉಳಿದವು ಖಾಲಿ ಎಂದೇ. ಅಲ್ಲಿನ ಗುಮಾಸ್ತೆ ನಮಗೆ ಫೋನ್ ಮಾಡಿ, ಇದನ್ನು ಇನ್ನೂ ಕೆಲವು ಸಂಘಗಳಿಗೆ ಹೇಳಲೇ ಎಂದು ಕೇಳಿದರು. ಅವರು ಹೇಳಿದ ಸಂಘಗಳಲ್ಲಿ ಒಂಬತ್ತು ಉಳಿದುಕೊಂಡವು: ಒಂಬತ್ತು ಕೋಶಾಧಿಕಾರಿಗಳು, 25 ಸಂಗ್ರಹಕಾರರು. ಅವರ ಮಾತಿಗೆ ಇದ್ದ ತೂಕ ಅಧ್ಯಕ್ಷರ ಮೈಕಿಗೂ ಇರಲಿಲ್ಲ, ಏಕೆಂದರೆ ಲೆಕ್ಕ ತಪ್ಪಿದರೆ ಕೋಶಾಧಿಕಾರಿಯನ್ನು ಮತ್ತೆ ಕರೆಸುವವರು ಅವರೇ.

ಆಗಸ್ಟ್ 25ರ ರಾತ್ರಿ ಕುಳಿತು ಎಣಿಸಿದೆವು. ವಿದ್ಯಾರ್ಥಿಗಳ ದಾರಿಯಿಂದ 69, ಲೆಕ್ಕಪರಿಶೋಧಕರ ಕಚೇರಿಯಿಂದ 34, ಆಟಿಯ ವೇದಿಕೆಯಿಂದ ಒಬ್ಬರು. ಒಟ್ಟು 104.

ಚೌತಿ ಕಳೆದ ಮೇಲೆ

ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಎಣಿಸಿದಾಗ ಆ ತಿಂಗಳು ರಶೀದಿ ಬರೆದವರು 38 ಮಂದಿ. ಜೊತೆಗಾರನ ಮುಖ ಸಣ್ಣದಾಯಿತು. ನನಗೂ ಒಂದು ದಿನ ಹಾಗೆಯೇ ಅನಿಸಿತು. ಆಮೇಲೆ ಒಬ್ಬೊಬ್ಬರಾಗಿ ಕೋಶಾಧಿಕಾರಿಗಳಿಗೆ ಫೋನ್ ಮಾಡಿ, ಕಳೆದ ವರ್ಷ ಇದೇ ತಿಂಗಳು ಕಾಗದದ ಪುಸ್ತಕದಲ್ಲಿ ಎಷ್ಟು ರಶೀದಿ ಬರೆದಿದ್ದಿರಿ ಎಂದು ಕೇಳಿದೆವು. ಮೌನವಾಗಿದ್ದವರಲ್ಲಿ ಹೆಚ್ಚಿನವರ ಉತ್ತರ: ಒಂದೂ ಇಲ್ಲ. ಗಣೇಶೋತ್ಸವ ಸಮಿತಿಗೆ ಅಕ್ಟೋಬರಿನಲ್ಲಿ ಕೆಲಸವಿಲ್ಲ. ಪ್ರತಿ ತಿಂಗಳು ಬಳಸಿದರು, ಬಿಟ್ಟರು ಎಂದು ಬೇರೆ ಆ್ಯಪುಗಳಿಗೆ ಹಾಕುವ ಅಳತೆ ಇಲ್ಲಿ ಹೊಂದುವುದಿಲ್ಲ. ಅದೇ ಸಂಘ ಮುಂದಿನ ಚೌತಿಗೆ ಮರಳುತ್ತದೆಯೇ ಎಂಬುದೇ ನಿಜವಾದ ಅಳತೆ, ಅದಕ್ಕೆ ಒಂದು ವರ್ಷ ಕಾಯಬೇಕು. ಆದರೆ ಆರು ಸಂಘಗಳಲ್ಲಿ ಉತ್ತರ ಬೇರೆ ಇತ್ತು. ಅವರು ಈ ಅಕ್ಟೋಬರಿನಲ್ಲೂ ರಶೀದಿ ಬರೆದಿದ್ದರು, ಕಾರ್ಬನ್ ಪುಸ್ತಕದಲ್ಲಿ. ಹಳೆಯ ಪುಸ್ತಕಗಳು ಇನ್ನೂ ಕಪಾಟಿನಲ್ಲಿ ಉಳಿದಿದ್ದವು, ಮುಗಿಯಲಿ ಎಂದು. ಆ ಆರನ್ನು ಮಾತ್ರ ನಾವು ಕಳೆದುಕೊಂಡವು ಎಂದು ಬರೆದುಕೊಂಡೆವು.

ಪ್ಲೇ ಸ್ಟೋರಿನಲ್ಲಿ ಎಲ್ಲರಿಗೂ ತೆರೆಯಲು ಅರ್ಜಿ ಹಾಕುವಾಗ, ಪರೀಕ್ಷಕರು ಹೇಗೆ ಬಳಸಿದರು, ಅವರ ಮಾತಿನಿಂದ ಏನು ಬದಲಾಯಿಸಿದಿರಿ ಎಂದು ಕೇಳುತ್ತಾರೆ. ರಶೀದಿ ಸಂಖ್ಯೆಯ ಪುಸ್ತಕ, ರದ್ದಾದದ್ದರ ಗೆರೆ, ದೊಡ್ಡ ಗುಂಡಿಗಳು, ಇವನ್ನೇ ಬರೆದೆವು, ಅನುಮತಿ ಬಂತು. ಅಕ್ಟೋಬರಿಗೆಂದು ಇಟ್ಟುಕೊಂಡಿದ್ದ ಬಿಡುಗಡೆಯನ್ನು ಮಾತ್ರ ಡಿಸೆಂಬರಿಗೆ ಮುಂದೂಡಿದೆವು. ಶಾಲಾ ವಾರ್ಷಿಕೋತ್ಸವಗಳು ಶುರುವಾಗುವುದು ಆಗ, ಹಳೆ ವಿದ್ಯಾರ್ಥಿ ಸಂಘಗಳ ಪುಸ್ತಕಗಳು ಹೊರಬರುವುದೂ ಆಗ. ಅಷ್ಟರಲ್ಲಿ ಪಟ್ಟಿಯನ್ನು ಪೂರ್ತಿ ಅಳಿಸುವ ಸೌಲಭ್ಯವನ್ನೂ ಸೇರಿಸಿ, ಅದನ್ನು ಕೇಳಿದ್ದ ಮೂರು ಸಂಘಗಳಿಗೆ ಮತ್ತೆ ಹೋದೆವು. ಒಂದು ಒಪ್ಪಿತು, ಎರಡು ಒಪ್ಪಲಿಲ್ಲ.

ಬಿಡುಗಡೆಯಾದ ವಾರ ಕಾಪುವಿನಿಂದ ಫೋನ್ ಬಂತು. ಶುಭಾಶಯಕ್ಕಿರಬಹುದು ಎಂದುಕೊಂಡು ಎತ್ತಿದೆ. “ಬಾಲವಾಡಿಯ ಛಾವಣಿಗೆ ಬೇರೆ ಸಂಗ್ರಹ ಶುರು ಮಾಡುತ್ತಿದ್ದೇವೆ. ಅದಕ್ಕೆ ಸಂಖ್ಯೆ ಮತ್ತೆ ಒಂದರಿಂದ ಬರಬೇಕು, ಗಣಪತಿಯ ಲೆಕ್ಕಕ್ಕೆ ಸೇರಬಾರದು. ನಿಮ್ಮದರಲ್ಲಿ ಎರಡನೆಯ ಕಟ್ಟು ತೆರೆಯುವುದು ಎಲ್ಲಿ?” ತೆರೆಯಲು ಜಾಗವೇ ಇರಲಿಲ್ಲ. ಶನಿವಾರದೊಳಗೆ ಮಾಡಿಕೊಡುತ್ತೇವೆ ಎಂದೆ. ಅಲ್ಲಿಯವರೆಗೆ ಕಾಗದದ ಪುಸ್ತಕ ಬಳಸುತ್ತೇನೆ, ಆಮೇಲೆ ರಾತ್ರಿ ಕುಳಿತು ಏರಿಸಲಿಕ್ಕೆ ಮಾತ್ರ ಹೇಳಬೇಡಿ ಎಂದು ಅವರು ಫೋನ್ ಇಟ್ಟರು.